ಬರ್ನರ್ ತರಿಸುವ ಮೊದಲು ಅದನ್ನು ಮಗುಚಿ ಫೋಟೋ ತೆಗೆಯಿರಿ

ಅಂಬಲಪಾಡಿ, ಉಡುಪಿ

ನಮ್ಮ ಮೂರು ಬರ್ನರಿನ ಗಾಜಿನ ಒಲೆಗೆ ಹನ್ನೊಂದು ವರ್ಷ ಆಯಿತು. ದೊಡ್ಡ ಬರ್ನರಿನ ಅಂಚು ತಿಂದುಹೋಗಿ ಒಂದು ಕಡೆ ಬೆಂಕಿ ಹಳದಿ ಬರುತ್ತದೆ. ಚಿಕ್ಕದರಲ್ಲೂ ಶುರುವಾಗಿದೆ. ಹೆಸರಿನ ಸ್ಟಿಕ್ಕರ್ ಉಜ್ಜಿ ಉಜ್ಜಿ ಅಳಿಸಿಹೋಗಿದೆ, ಅಂಗಡಿಯಲ್ಲಿ ಕೇಳಿದರೆ ಮಾಡೆಲ್ ನಂಬರ್ ತನ್ನಿ ಅಂತಾರೆ. ಮೇಲಿಂದ ತೆಗೆದ ಫೋಟೋ ಹಾಕಿದ್ದೇನೆ. ಇದು ಯಾವ ಮಾಡೆಲ್, ಯಾವ ಬರ್ನರ್ ತರಿಸಬೇಕು ಹೇಳ್ತೀರಾ?

ಸುರತ್ಕಲ್

ಇದೇ ಫೋಟೋವನ್ನು Google Lens ನಲ್ಲಿ ಹಾಕಿ ನೋಡಿ, ಮಾರುವವರ ಪುಟವೇ ಸಿಗುತ್ತದೆ. ನಾನು ಹಾಗೆಯೇ ತರಿಸಿದ್ದು, ಸರಿಯಾಗಿ ಕೂತಿತು. ಬರ್ನರಿನ ಮೇಲಿನ ಅಗಲ ಒಂದು ಅಳೆದುಕೊಳ್ಳಿ, ಅಷ್ಟೇ ಸಾಕು. ಒಲೆಯ ಮೇಲೆ ಐಎಸ್‌ಐ ಗುರುತು ಇದ್ದರೆ ಅದರ ಕೆಳಗಿನ ನಂಬರೇ ಮಾಡೆಲ್ ನಂಬರ್.

ಬ್ರಹ್ಮಾವರ

ಹದಿನೆಂಟು ವರ್ಷದಿಂದ ಒಲೆ ರಿಪೇರಿ ಮಾಡ್ತಾ ಇದ್ದೇನೆ. ಸುರತ್ಕಲ್‌ನ ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ ಉಂಟು. ಫೋಟೋ ಹಾಕಿ ಹುಡುಕಿದರೆ ಒಲೆ ಯಾವುದು ಅಂತ ಹಲವು ಸಲ ಗೊತ್ತಾಗುತ್ತದೆ. ಆದರೆ ಅದಕ್ಕೆ ಬರ್ನರಿನ ಫೋಟೋ ಪ್ರಯೋಜನ ಇಲ್ಲ. ಪೂರ್ತಿ ಒಲೆಯದ್ದು ಬೇಕು. ಪಾತ್ರೆ ಇಡುವ ಸ್ಟ್ಯಾಂಡಿನ ಕಾಲು, ನಾಬಿನ ಆಕಾರ, ಗಾಜಿನ ಮೇಲಿನ ಚಿತ್ರ, ಈ ಮೂರರಲ್ಲಿ ಒಂದೊಂದು ಕಂಪನಿಗೆ ಒಂದೊಂದು ರೀತಿ ಇರುತ್ತದೆ. ಬರ್ನರ್ ಮೇಲಿಂದ ನೋಡಿದರೆ ಎಲ್ಲವೂ ಒಂದೇ ಥರ. ಮೇಲಿನ ಅಗಲ ಅಳೆದರೂ ಅಷ್ಟೇ. ಅದು ಕೂರುವುದು ಕುತ್ತಿಗೆಯಲ್ಲಿ, ಅಂದರೆ ಕೆಳಗಿನ ಕೊಳವೆಯ ಬಾಯಿಯೊಳಗೆ ಇಳಿಯುವ ಭಾಗದಲ್ಲಿ. ಕುತ್ತಿಗೆ ಹೊಂದದಿದ್ದರೆ ಮೇಲೆ ಎಷ್ಟು ಹೋಲಿದರೂ ದುಡ್ಡು ದಂಡ.

ಐಎಸ್‌ಐ ಗುರುತಿನ ವಿಷಯ. ಗುರುತಿನ ಮೇಲೆ IS 4246 ಅಂತ ಇರುತ್ತದೆ. ಅದು ಮನೆಬಳಕೆಯ ಗ್ಯಾಸ್ ಒಲೆಗಳ ಮಾನದಂಡ, ಎಲ್ಲ ಕಂಪನಿಗೂ ಒಂದೇ. ಕೆಳಗೆ CM/L ಅಂತ ಶುರುವಾಗುವ ನಂಬರ್ ಇರುತ್ತದಲ್ಲ, ಅದು ಒಲೆ ತಯಾರಿಸಿದವರ ಲೈಸೆನ್ಸ್ ನಂಬರ್. BIS Care ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರು ತಯಾರಿಸಿದ್ದು ಅಂತ ಬರುತ್ತದೆ. ಸ್ಟಿಕ್ಕರ್ ಅಳಿಸಿಹೋದ ಒಲೆಗೆ ಇದು ದೊಡ್ಡ ಉಪಕಾರ. ಆದರೆ ಮಾಡೆಲ್ ಅದರಲ್ಲಿ ಸಿಗುವುದಿಲ್ಲ.

ಮಾಡೆಲ್ ಇರುವುದು ಸಾಮಾನ್ಯವಾಗಿ ಒಲೆಯ ಅಡಿಯಲ್ಲಿ ಅಥವಾ ಪಕ್ಕದ ತಗಡಿನ ಮೇಲೆ. ಗಾಜಿನ ಒಲೆಯನ್ನು ಮಗುಚಲು ಹೋಗಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ತಣ್ಣಗಾದ ಮೇಲೆ ಇನ್ನೊಬ್ಬರ ಹತ್ತಿರ ಹಿಡಿದುಕೊಳ್ಳಲು ಹೇಳಿ ಕಟ್ಟೆಯಿಂದ ಒಂದು ಗೇಣು ಹೊರಗೆ ಎಳೆಯಿರಿ. ಫೋನಿನ ಟಾರ್ಚ್ ಹಾಕಿ ಅಡಿಯಿಂದ ವಿಡಿಯೋ ತೆಗೆಯಿರಿ. ಜಿಡ್ಡಿನ ಕೆಳಗೆ ಅಕ್ಷರ ಕಂಡರೆ ಬಟ್ಟೆಗೆ ಸೋಪು ನೀರು ಹಾಕಿ ಮೆಲ್ಲ ಒರೆಸಿ, ಉಜ್ಜಬೇಡಿ.

ಆಮೇಲೆ ದೊಡ್ಡ ಬರ್ನರನ್ನು ಕೈಯಲ್ಲಿ ತೆಗೆದು ಮಗುಚಿ ಫೋಟೋ ಹಾಕಿ. ಅದರಲ್ಲೇ ಎಲ್ಲ ಇರುವುದು.

ಕಾಪು

ನಮ್ಮದೂ ಇದೇ ಕಥೆ. ಚಿಮಣಿಯ ಫಿಲ್ಟರ್ ತರಿಸುವಾಗ 60 ಸೆಂಟಿಮೀಟರ್ ಚಿಮಣಿ ಅಂತ ಹೇಳಿದೆ, ಅವರು 60ಕ್ಕೆ ಒಂದೇ ದೊಡ್ಡ ಫಿಲ್ಟರ್ ಇರುವಂಥದ್ದನ್ನು ಕಳಿಸಿದರು. ನಮ್ಮದರಲ್ಲಿ ಎರಡು ಚಿಕ್ಕ ಫಿಲ್ಟರ್ ಅಕ್ಕಪಕ್ಕ ಕೂರುತ್ತವೆ. ಕಡೆಗೆ ಫಿಲ್ಟರ್ ತೆಗೆದು ಒಳಗೆ ನೋಡಿದರೆ ಪಕ್ಕದ ಗೋಡೆಯಲ್ಲೇ ಮಾಡೆಲಿನ ಚೀಟಿ ಅಂಟಿಸಿತ್ತು! ಎರಡು ವರ್ಷ ಅದರ ಕೆಳಗೇ ಅಡುಗೆ ಮಾಡಿದ್ದೆ. ನೀವು ಮೊದಲು ಫಿಲ್ಟರ್ ಬಿಚ್ಚಿ ನೋಡಿ.

ಬ್ರಹ್ಮಾವರ

ಕಾಪುವಿನ ಅಕ್ಕಾ, ಅವರು ಕೇಳಿದ್ದು ಒಲೆಯದ್ದು. ಆದರೆ ಚಿಮಣಿ ಇರುವವರಿಗೆ ನಿಮ್ಮ ಮಾತು ಸರಿಯೇ. ಫಿಲ್ಟರಿನ ಉದ್ದ, ಅಗಲದ ಜೊತೆ ದಪ್ಪವನ್ನೂ ಅಳೆಯಬೇಕು, ಕೊಕ್ಕೆ ಯಾವ ಬದಿಗೆ ಅಂತ ನೋಡಬೇಕು.

ಅಂಬಲಪಾಡಿ, ಉಡುಪಿ

ಅಡಿಯಲ್ಲಿ ತಗಡಿನ ಪಟ್ಟಿ ಸಿಕ್ಕಿತು ಅಣ್ಣ. CM/L ನಂಬರ್ ಓದಲು ಬರುತ್ತದೆ, ಮಾಡೆಲ್ ಇದ್ದ ಜಾಗ ತುಕ್ಕು ಹಿಡಿದಿದೆ. ಬರ್ನರ್ ಮಗುಚಿದ ಫೋಟೋ ಹಾಕಿದ್ದೇನೆ. ಅಳತೆಗೆ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟಿದ್ದೇನೆ. ಒಳಗೆ 7 ಅಂತ ಎರಕದಲ್ಲಿ ಮೂಡಿದೆ. ಅದು ಸೈಜಾ?

ಬ್ರಹ್ಮಾವರ

7 ಅನ್ನುವುದು ಅಚ್ಚಿನ ನಂಬರ್ ಇದ್ದೀತು, ಅದನ್ನು ನೆಚ್ಚಬೇಡಿ. ಅದೇ ನಂಬರಿನ ಎರಡು ಬರ್ನರ್ ಬೇರೆ ಬೇರೆ ಅಳತೆಯದ್ದು ನನ್ನ ಕೈಗೆ ಬಂದದ್ದುಂಟು.

ನಾಣ್ಯ ಇಟ್ಟದ್ದು ಒಳ್ಳೆಯದಾಯಿತು, ಅದರ ಅಗಲ 27 ಮಿ.ಮೀ. ಆದರೆ ನೀವು ಅದನ್ನು ಮೇಜಿನ ಮೇಲೆ ಇಟ್ಟಿದ್ದೀರಿ. ಕುತ್ತಿಗೆಯ ಅಂಚು ಮೇಜಿನಿಂದ ಮೂರು ಸೆಂಟಿಮೀಟರ್ ಎತ್ತರ ಉಂಟು. ಫೋನನ್ನು ಮೇಜಿನಿಂದ ಒಂದಡಿ ಎತ್ತರದಲ್ಲಿ ಹಿಡಿದರೆ ಆ ಅಂಚು ಫೋನಿಗೆ ಹತ್ತಿರ ಬರುತ್ತದೆ. ಆಗ 40 ಮಿ.ಮೀ. ಇರುವುದು ಫೋಟೋದಲ್ಲಿ 44 ಮಿ.ಮೀ. ಹಾಗೆ ಕಾಣುತ್ತದೆ. ಬರ್ನರಿನಲ್ಲಿ 4 ಮಿ.ಮೀ. ಅಂದರೆ ಬೇರೆಯೇ ಸೈಜು. ಫೋಟೋ ನೋಡಿ ಸ್ಪೇರ್ ಕಳಿಸುವವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ನಾಣ್ಯವನ್ನು ಬೆಂಕಿಪೊಟ್ಟಣದ ಮೇಲೆ ಏರಿಸಿ ಅಂಚಿನ ಮಟ್ಟಕ್ಕೆ ತನ್ನಿ. ಫೋನನ್ನು ಒಂದು ಮೀಟರ್ ಮೇಲೆ ನೇರ ಹಿಡಿದು ಝೂಮ್ ಮಾಡಿ ತೆಗೆಯಿರಿ.

ಆದರೂ ಫೋಟೋದಿಂದ ಅಳತೆ ತೆಗೆಯುವುದು ನನಗೆ ಇಷ್ಟ ಇಲ್ಲ. ಮನೆಯಲ್ಲಿ ವರ್ನಿಯರ್ ಇಲ್ಲದಿದ್ದರೆ ಕಾಗದದ ಪಟ್ಟಿ ಸಾಕು. ಕುತ್ತಿಗೆಯನ್ನು ಚೆನ್ನಾಗಿ ಒರೆಸಿ, ಪಟ್ಟಿಯನ್ನು ಬಿಗಿಯಾಗಿ ಒಂದು ಸುತ್ತು ಸುತ್ತಿ. ಎರಡು ತುದಿ ಸೇರುವಲ್ಲಿ ಪೆನ್ಸಿಲ್ ಗೀಟು ಹಾಕಿ, ಬಿಡಿಸಿ ಉದ್ದ ಅಳೆಯಿರಿ. ಅದನ್ನು 3.14ರಿಂದ ಭಾಗಿಸಿ. ಸ್ಕೇಲನ್ನು ಅಡ್ಡ ಇಟ್ಟು ನೋಡಿದರೆ 1 ಮಿ.ಮೀ. ತಪ್ಪಿದ್ದು ಪೂರಾ 1 ಮಿ.ಮೀ. ತಪ್ಪೇ. ಪಟ್ಟಿಯಲ್ಲಿ 1 ಮಿ.ಮೀ. ತಪ್ಪಿದರೂ ಅಗಲದಲ್ಲಿ ಮೂರನೇ ಒಂದು ಭಾಗ ಮಾತ್ರ ತಪ್ಪುತ್ತದೆ. ಜೊತೆಗೆ ಕುತ್ತಿಗೆ ಎಷ್ಟು ಆಳ ಇಳಿಯುತ್ತದೆ ಅಂತಲೂ ಬರೆದುಕೊಳ್ಳಿ.

ಇನ್ನೊಂದು. ತರಿಸುವ ಮೊದಲು ತಪ್ಪು ಬರ್ನರಿನದ್ದೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಒಲೆ ಹಚ್ಚಿ ಹಳದಿ ಬೆಂಕಿ ಎಲ್ಲಿ ಉಂಟು ನೋಡಿ. ಆರಿಸಿ, ತಣ್ಣಗಾದ ಮೇಲೆ ಬರ್ನರನ್ನು ಕಾಲು ಸುತ್ತು ತಿರುಗಿಸಿ ಕೂರಿಸಿ, ಮತ್ತೆ ಹಚ್ಚಿ. ಹಳದಿ ಬರ್ನರಿನ ಜೊತೆ ತಿರುಗಿದರೆ ತಪ್ಪು ಬರ್ನರಿನಲ್ಲಿ. ಇದ್ದಲ್ಲೇ ಇದ್ದರೆ ಕೊಳವೆ ಅಥವಾ ಅದರ ಬಾಯಿ ನೋಡಬೇಕು. ನಮ್ಮಲ್ಲಿ ಕುಚ್ಚಲಕ್ಕಿ ಬೇಯಲು ಹೊತ್ತು ಜಾಸ್ತಿ, ಗಂಜಿ ಉಕ್ಕಿ ಇಳಿಯುವುದು ಅಲ್ಲಿಗೇ ಅಲ್ವಾ. ಅದರ ಮೇಲೆ ಕಡಲಿನ ಉಪ್ಪು ಗಾಳಿ. ಬಾಯಿಯ ಅಂಚು ತಿಂದುಹೋಗಿದ್ದರೆ ಹೊಸ ಬರ್ನರ್ ಹಾಕಿಯೂ ಸುಖ ಇಲ್ಲ.

ಕದ್ರಿ, ಮಂಗಳೂರು

ನನ್ನ ಅನುಭವ ಒಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಪೈಪ್ ಗ್ಯಾಸ್. ಬರ್ನರ್ ತರಿಸಿದಾಗ ಜೊತೆಗೆ ಗ್ಯಾಸ್ ಚಿಮ್ಮುವ ಚಿಕ್ಕ ತೂತಿನ ಜೆಟ್ ಕೂಡ ಬಂತು. ಹೊಸದು ಬಂದಿದೆಯಲ್ಲ ಅಂತ ಅದನ್ನೂ ಹಾಕಿಸಿದೆ. ಬೆಂಕಿ ಅಗರಬತ್ತಿಯಷ್ಟು ಬಂತು ಮಾರಾಯ್ರೆ. ಅದು ಸಿಲಿಂಡರ್ ಗ್ಯಾಸಿನ ಜೆಟ್, ತೂತು ಚಿಕ್ಕದು. ಪೈಪ್ ಗ್ಯಾಸಿಗೆ ದೊಡ್ಡ ತೂತು ಬೇಕಂತೆ. ಹಳೇ ಜೆಟ್ ಎಸೆದಿರಲಿಲ್ಲ, ಬದುಕಿದೆ. ಪೈಪ್ ಗ್ಯಾಸಿನ ಜೆಟ್ಟನ್ನು ಸಿಲಿಂಡರಿಗೆ ಹಾಕಿದರೆ ಇನ್ನೂ ಅಪಾಯ, ಬೆಂಕಿ ಭುಗ್ ಅಂತ ಏಳುತ್ತದೆ ಅಂದರು ಹಾಕಿಕೊಟ್ಟವರು.

ಬ್ರಹ್ಮಾವರ

ಸರಿಯಾಗಿ ಹೇಳಿದಿರಿ. ಬರ್ನರ್ ಹಾಳಾದರೆ ಬರ್ನರ್ ಮಾತ್ರ ಬದಲಿಸಿ, ಜೆಟ್ಟಿಗೆ ಕೈ ಹಾಕಬೇಡಿ. ಪಿನ್ನು ಹಾಕಿ ತೂತು ದೊಡ್ಡದು ಮಾಡುವುದಂತೂ ಬೇಡವೇ ಬೇಡ.

ಅಂಬಲಪಾಡಿ, ಉಡುಪಿ

ಅಳೆದೆ. ದೊಡ್ಡದರ ಕುತ್ತಿಗೆಗೆ ಪಟ್ಟಿ 132 ಮಿ.ಮೀ. ಬಂತು, ಭಾಗಿಸಿದರೆ 42. ಚಿಕ್ಕದು 113, ಅಂದರೆ 36. CM/L ಹಾಕಿದಾಗ ತಯಾರಿಸಿದವರ ಹೆಸರು ಸಿಕ್ಕಿತು. ಅವರ ಮೂರು ಬರ್ನರಿನ ಒಲೆಗಳ ಫೋಟೋ ನೋಡಿದರೆ ಸ್ಟ್ಯಾಂಡಿನ ಕಾಲು ಎರಡು ಮಾಡೆಲಿಗೆ ಹೊಂದುತ್ತದೆ. ಎರಡಕ್ಕೂ ಬರ್ನರ್ ಬೇರೆ ಬೇರೆ ತೋರಿಸುತ್ತಾರೆ, ಆದರೆ ಕುತ್ತಿಗೆಯ ಅಳತೆ ಎಲ್ಲೂ ಬರೆದಿಲ್ಲ.

ಬ್ರಹ್ಮಾವರ

ಹಾಗಾದರೆ ಫೋನ್ ಮಾಡಿ ಮಾಡೆಲ್ ಹೇಳಲು ಹೋಗಬೇಡಿ. 42 ಮತ್ತು 36 ಅಂತ ಹೇಳಿ, ನಿಮ್ಮಲ್ಲಿರುವ ಬರ್ನರನ್ನು ಮಗುಚಿ ಪಟ್ಟಿ ಸುತ್ತಿ ಅಳೆದು ಹೇಳಿ ಅಂತ ಅವರನ್ನೇ ಕೇಳಿ. ಅಳೆದು ಹೇಳಲು ಒಪ್ಪದ ಕಡೆ ತೆಗೆದುಕೊಳ್ಳಬೇಡಿ. ಕಳೆದ ವರ್ಷ ಬಾರ್ಕೂರಿನ ಒಂದು ಮನೆಯವರು ಫೋಟೋ ನೋಡಿ ತರಿಸಿದ್ದರು. ಮೇಲೆ ಪಡಿಯಚ್ಚು ಅದೇ, ಕುತ್ತಿಗೆ ಮಾತ್ರ ಬೇಕಾದದ್ದಕ್ಕಿಂತ ಸಣ್ಣ, 39.5 ಮಿ.ಮೀ. ಹಾಕಿದರೆ ಕೂತ ಹಾಗೇ ಕಾಣುತ್ತದೆ, ಬೆರಳಲ್ಲಿ ದೂಡಿದರೆ ಅಲ್ಲಾಡುತ್ತದೆ. ದೀಪ ಆರಿಸಿ ಒಲೆ ಹಚ್ಚಿ ತೋರಿಸಿದೆ. ಬರ್ನರಿನ ಬುಡದ ಸಂದಿಯಲ್ಲಿ ನೀಲಿ ಬೆಂಕಿ ಓಡುತ್ತಾ ಇತ್ತು. ಹಗಲಿನಲ್ಲಿ ಅದು ಕಾಣುವುದೇ ಇಲ್ಲ. ಅದರ ಕಾವಿಗೆ ಗಾಜು ಒಡೆಯಬಹುದು, ಸುಮ್ನೆ ಬಿಡುವ ವಿಷಯ ಅಲ್ಲ.

ಸುರತ್ಕಲ್

ನಾನು ಹೇಳಿದ್ದು ತಪ್ಪಾಯಿತು, ನನ್ನದು ಅದೃಷ್ಟಕ್ಕೆ ಹೊಂದಿದ್ದು ಅಂತ ಈಗ ಗೊತ್ತಾಯಿತು. ಇವತ್ತು ರಾತ್ರಿಯೇ ದೀಪ ಆರಿಸಿ ನೋಡುತ್ತೇನೆ. ಒಂದು ಮಾತ್ರ ಹೇಳುತ್ತೇನೆ, ಹಿತ್ತಾಳೆಯದ್ದೇ ತೆಗೆದುಕೊಳ್ಳಿ. ಅಲ್ಯುಮಿನಿಯಂ ಮಿಶ್ರಲೋಹದ್ದು ನಮ್ಮ ಕಡಲ ಬದಿಯಲ್ಲಿ ಬಾಳುವುದಿಲ್ಲ.

ಕಾಪು

ನಮ್ಮ ಅತ್ತೆ ಮನೆಯಲ್ಲಿ ಮಿಶ್ರಲೋಹದ್ದೇ ಒಂಬತ್ತು ವರ್ಷದಿಂದ ಉಂಟು. ಅವರು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿಯೇ ಹಾಕುತ್ತಾರೆ. ನಮ್ಮ ಹಿತ್ತಾಳೆಯದ್ದು ಐದು ವರ್ಷಕ್ಕೆ ಹೋಯಿತು.

ಬ್ರಹ್ಮಾವರ

ನನ್ನ ಕೈಗೆ ಹೆಚ್ಚು ಹಾಳಾಗಿ ಬರುವುದು ಮಿಶ್ರಲೋಹದ್ದು. ಆದರೆ ಒಳ್ಳೆಯ ಒಲೆ ಯಾರೂ ನನ್ನ ಹತ್ತಿರ ತರುವುದಿಲ್ಲವಲ್ಲ, ಹಾಗಾಗಿ ಖಂಡಿತ ಅಂತ ಹೇಳಲಾರೆ. ನಿಮ್ಮ ಹಳೆಯದು ಯಾವುದೋ ಅದೇ ಲೋಹದ್ದು ಹಾಕಿ.

ಅಂಬಲಪಾಡಿ, ಉಡುಪಿ

ಚಿಕ್ಕ ಬರ್ನರ್ ಬಂತು, ಅವರು ಅಳೆದೇ ಕಳಿಸಿದರು. ಅಲ್ಲಾಡುವುದಿಲ್ಲ, ಕತ್ತಲೆಯಲ್ಲಿ ನೋಡಿದೆ, ಬುಡದಲ್ಲಿ ಬೆಂಕಿ ಇಲ್ಲ. ದೊಡ್ಡದರದ್ದು ಮಾತ್ರ ಒಗಟು. ತಿರುಗಿಸಿದಾಗ ಒಂದು ಹಳದಿ ಬರ್ನರಿನ ಜೊತೆ ತಿರುಗಿತು, ಇನ್ನೊಂದು ಚಿಕ್ಕ ಹಳದಿ ಹಿಂದಿನ ಮೂಲೆಯಲ್ಲೇ ಉಳಿಯಿತು. ಕೊಳವೆಯ ಬಾಯಿಯಲ್ಲಿ ಆ ಬದಿಗೆ ಅಂಚು ತೆಳ್ಳಗಾಗಿದೆ. ಹಾಗಾದರೆ ಎರಡೂ ಬದಲಿಸಬೇಕಾ?

ಬ್ರಹ್ಮಾವರ

ಹಾಗೇ ಕಾಣುತ್ತದೆ. ಆದರೆ ಕೊಳವೆಯನ್ನು ಫೋಟೋ ನೋಡಿ ತರಿಸಬೇಡಿ. ಅದರ ಉದ್ದ, ಬಾಗು, ಸ್ಕ್ರೂ ಕೂರುವ ಜಾಗ ಎಲ್ಲ ಹೊಂದಬೇಕು. ಅದನ್ನು ಬಿಚ್ಚುವಾಗ ಜೆಟ್ಟಿನ ಮೇಲಿನ ಜೋಡಣೆಯೂ ಸಡಿಲ ಆಗುತ್ತದೆ, ನೀವೇ ಮಾಡಲು ಹೋಗಬೇಡಿ. ರಿಪೇರಿಯವರನ್ನು ಮನೆಗೇ ಕರೆಸಿ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನಿಮ್ಮೆದುರೇ ನೋಡಲು ಹೇಳಿ. ಅಲ್ಲಿಯವರೆಗೆ ಆ ದೊಡ್ಡ ಬರ್ನರ್ ಹಚ್ಚಬೇಡಿ, ಅನ್ನ ಮಧ್ಯದ್ದರಲ್ಲಿ ಇಡಿ.