ಉದ್ಯಮಿಯ ಆತ್ಮಕಥೆ ಬರ್ಕೊಟ್ಟವರು ಯಾರಾದ್ರೂ ಇದ್ದೀರಾ?

ನಮ್ಮೂರ ಉದ್ಯಮಿ ಒಬ್ರು ತಮ್ಮ ಆತ್ಮಕಥೆ ಬರ್ಕೊಡಿ ಅಂದಿದ್ದಾರೆ, ಅವರು ಮಾತಾಡ್ತಾರೆ ನಾನು ರೆಕಾರ್ಡ್ ಮಾಡ್ಕೊಂಡು ಬರೀಬೇಕು. ಎಷ್ಟು ಕೇಳ್ಲಿ? ನನ್ನ ಹೆಸರು ಹಾಕ್ಸೋದು ಹೇಗೆ? ಮಾಡಿದವರು ಹೇಳಿ.

ಹಳೇ ಟೇಪು: ಪುಟಕ್ಕಿಷ್ಟು ಅಂತ ಮಾತ್ರ ಒಪ್ಕೋಬೇಡಿ, ನಾನು ಆ ಬಾವಿಗೆ ಬಿದ್ದವನು. ಎಣ್ಣೆ ಮಿಲ್ಲಿನ ಯಜಮಾನ್ರು, 26 ಗಂಟೆ ರೆಕಾರ್ಡಿಂಗ್, ಒಂದು ಗಂಟೆ ಮಾತು ಟೈಪ್ ಮಾಡೋಕೆ ಐದು ಗಂಟೆ ಹಿಡೀತು, ಮೊದಲ ಮೂರು ಸಲ ಮಿಲ್ಲಲ್ಲೇ ಕೂತಿದ್ರಿಂದ ಮೆಷಿನ್ ಸದ್ದಲ್ಲಿ ಅರ್ಧ ಕೇಳ್ಸಲ್ಲ. 180 ಪುಟಕ್ಕೆ 54 ಸಾವಿರ, ಅದ್ರಲ್ಲಿ 5,400 ಟಿಡಿಎಸ್.

ಮೊದಲನೇ ಅಧ್ಯಾಯ 'ಬಾಲ್ಯದಲ್ಲಿ ಬಡತನ ನನ್ನನ್ನು ಕಾಡುತ್ತಿತ್ತು' ಅಂತ ಶುರು ಮಾಡಿದ್ದೆ. ಮಗಳು ಓದಿ 'ಇದ್ಯಾವ ಮಾಸ್ತರ್ರೀ, ನಮ್ಮಪ್ಪ ಎಲ್ಲಿ?' ಅಂದ್ಲು. ಟೇಪಲ್ಲಿದ್ದಿದ್ದು 'ರೊಕ್ಕ ಬರ್ತಿರ್ಲಿಲ್ಲ, ಹಸಿವು ಮಾತ್ರ ದಿನಾ ಮನಿಗೆ ಬರ್ತಿತ್ತು ನೋಡ್ರಿ'. ಅದನ್ನೇ ಹಾಕ್ದೆ, 'ನೋಡ್ರಿ' ಮಾತ್ರ ಹತ್ತರಲ್ಲಿ ಒಂದು ಉಳಿಸ್ದೆ.

ಆಮೇಲೆ ತಾರೀಖಿನ ಗೋಳು. ಇಂದಿರಾ ಗಾಂಧಿ ಹತ್ಯೆ ದಿನವೇ ಮೊದಲ ಲೋಡ್ ಕಳಿಸ್ದೆ ಅಂತ ಮೂರು ಸಲ ಹೇಳಿದ್ರು, ಅಂದ್ರೆ 1984 ಅಕ್ಟೋಬರ್ 31. ಒಂದನೇ ನಂಬರ್ ಬಿಲ್ ತೆಗೆದು ನೋಡಿದ್ರೆ 1985 ಮಾರ್ಚ್! ಪುಸ್ತಕದಲ್ಲಿ 'ನಾನೊಬ್ಬನೇ ಕಟ್ಟಿದೆ' ಅಂದ್ರೆ ಪಾಲುದಾರಿಕೆ ಪತ್ರದಲ್ಲಿ ಭಾವಮೈದುನನ ಸಹಿ. ಕೇಳಿದ್ದಕ್ಕೆ ಎರಡು ವಾರ ಫೋನ್ ಎತ್ಲಿಲ್ಲ. ಕೊನೆಗೆ ದಾಖಲೆ ಮುಂದಿಟ್ಟು ಗಟ್ಟಿಯಾಗಿ ಓದಿ ಹೇಳ್ದೆ, ಪುಟಪುಟಕ್ಕೂ ಸಹಿ ತಗೊಂಡೆ. ಭಾವಮೈದುನ ಒಂದು ಸಾಲಲ್ಲಿ ಬಂದ, ಲಾರಿ ಕಥೆ 'ನನಗೆ ನೆನಪಿರೋ ಹಂಗ' ಅಂತ ಉಳೀತು.

ಮೂಡಿಗೆರೆ ಮಳೆ: ಅಗ್ರಿಮೆಂಟು ಸಹಿ ಎಲ್ಲಾ ಯಾಕೆ ಸಾರ್, ಬರೆದವನದ್ದೇ ಕಾಪಿರೈಟ್, ಕಾನೂನೇ ಇದೆ.

ಹಳೇ ಟೇಪು: ಅರ್ಧ ಸರಿ. ಸೆಕ್ಷನ್ 17 ಪ್ರಕಾರ ಮೊದಲ ಹಕ್ಕು ಬರೆದವನದ್ದೇ, ಆದ್ರೆ ಮಾತು ಅವರದ್ದಲ್ವಾ, ತಕರಾರು ಅಲ್ಲೇ ಹುಟ್ಟೋದು. ಹಕ್ಕು ಬಿಟ್ಕೊಡೋದು ಲಿಖಿತವಾಗೇ ಇರ್ಬೇಕು, ಅವಧಿ ಬರೀದಿದ್ರೆ ಐದೇ ವರ್ಷ ಅಂತ ಸೆಕ್ಷನ್ 19. ಒಳಪುಟದಲ್ಲಿ 'ನಿರೂಪಣೆ' ಅಂತ ಹೆಸರು ಹಾಕ್ತೀನಿ ಅಂತ ಬಾಯಲ್ಲಿ ಅಂದಿದ್ರು. ಅಚ್ಚಾಗಿ ಬಂದಾಗ ಕೃತಜ್ಞತೆ ಪಟ್ಟಿಯಲ್ಲಿ ಡ್ರೈವರ್ ಆದ್ಮೇಲೆ ನಾನು.

ನೆರಳು: ಹೆಸರಿಗೆ ಅಳೋರು ಈ ಕೆಲ್ಸಕ್ಕೇ ಬರ್ಬಾರ್ದು. ನಾನು ನಾಲ್ಕು ಬರ್ದಿದ್ದೀನಿ, ಎಲ್ಲೂ ಹೆಸರಿಲ್ಲ, ಅದಕ್ಕೇ ಡಬಲ್ ತಗೊಂಡಿದ್ದೀನಿ. ಅರ್ಧ ಮುಂಗಡ, ಕಾಲು ಮೊದಲ ಡ್ರಾಫ್ಟಿಗೆ, ಉಳಿದದ್ದು ಪ್ರೆಸ್ಸಿಗೆ ಹೋಗೋ ಮುಂಚೆ. ತಿದ್ದುಪಡಿ ಎರಡೇ ಸಲ.

ಹಳೇ ಟೇಪು: ಅಳ್ತಿಲ್ಲ ಸ್ವಾಮಿ, ಕೊಟ್ಟ ಮಾತು ಕೇಳ್ತಿದ್ದೀನಿ. ನಾಳೆ ಯಾರಾದ್ರೂ 'ನೀವೇನು ಬರ್ದಿದ್ದೀರಿ' ಅಂದ್ರೆ ಡಬಲ್ ದುಡ್ಡು ತೋರಿಸ್ತೀರಾ?

ಅಟ್ಟದ ಪುಸ್ತಕ: ನಮ್ಮ ತಂದೇದು ನಾವೇ ಸಾವಿರ ಪ್ರತಿ ಹಾಕ್ಸಿದ್ವಿ, ಬಿಡುಗಡೆ ದಿನ 200 ಹಂಚಿದ್ವಿ, ಮಿಕ್ಕಿದ್ದು ಅಟ್ಟದಲ್ಲಿ ಗೆದ್ದಲು ತಿಂತಿದೆ. ಮೊದ್ಲು 300 ಸಾಕು.

ನೆರಳು: ಅವರು ಅದನ್ನ ಕೇಳಿಲ್ಲ ಸಾರ್.

ಅಟ್ಟದ ಪುಸ್ತಕ: ನೀವೂ ಅವರು ಕೇಳಿದ್ದಕ್ಕೆ ಹೇಳ್ತಿಲ್ಲ, ಇವರ ಜೊತೆ ಜಗಳ ಆಡ್ತಿದ್ದೀರಿ.