ಅಪ್‌ಡೇಟ್: ಗುಳ್ಳೆಯೊಳಗೆ ಒತ್ತಕ್ಷರ ಈಗ ತಾಗುತ್ತಿಲ್ಲ

ನನ್ನ ಪ್ರಶ್ನೆ: ಜಪಾನಿ ಮಾಂಗಾದ ಮಾತಿನ ಗುಳ್ಳೆ ಅಳಿಸಿ ಕನ್ನಡ ಕೂರಿಸಿದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಏನು ಮಾಡಲಿ?

ಸರಿಹೋಯಿತು, ಎಲ್ಲರಿಗೂ ಧನ್ಯವಾದ. ಸಾಲಿನ ಅಂತರ ಅಕ್ಷರಗಾತ್ರದ 1.4 ಪಟ್ಟು ಇಟ್ಟೆ, ಅಂದರೆ 30 ಪಾಯಿಂಟ್‌ಗೆ 42. ಪರೀಕ್ಷೆಗೆ ಮೇಲಿನ ಸಾಲಲ್ಲಿ ‘ರಾಷ್ಟ್ರ’, ಅದರ ಕೆಳಗೆ ‘ಕಿಟಕಿ’ ಬರೆದು ನೋಡಿ: ಒತ್ತಿನ ಬಾಲಕ್ಕೂ ಗುಡಿಸಿಗೂ ನಡುವೆ ಬಿಳಿ ಕಾಣಬೇಕು.

ನಿಜವಾದ ತೊಡಕು ಅಗಲದ್ದು. ಜಪಾನಿ ಬರಹ ಮೇಲಿಂದ ಕೆಳಗಿಳಿಯುವುದರಿಂದ ಗುಳ್ಳೆ ಉದ್ದ, ಕಿರಿದು. ‘ಹೋಗಬೇಕಾಗಿತ್ತು’ ಹಿಡಿಸದು. ಪದವನ್ನು ಅಡ್ಡಗೆರೆ ಹಾಕಿ ಒಡೆಯುವ ಬದಲು ‘ಹೋಗ್ಬೇಕಿತ್ತು’ ಎಂದು ಆಡುಮಾತಿಗೆ ತಂದರೆ ಓದಲೂ ಚೆನ್ನ. ಉದ್ದದ ಸಾಲು ನಡುವೆ ಬರಲಿ, ಅಂಚಿಗೆ ಅರ್ಧ ಅಕ್ಷರದಷ್ಟಾದರೂ ಜಾಗ ಬಿಡಿ.

ಬರೆಯುವ ಮುನ್ನ ಚಿತ್ರ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ ಬ್ಲ್ಯಾಕ್ ಪಾಯಿಂಟನ್ನು ತಾತ್ಕಾಲಿಕವಾಗಿ 240ಕ್ಕೆ ಏರಿಸಿ. ಹಳೆಯ ಅಕ್ಷರದ ಬೂದು ಅಂಚು ಉಳಿದಿದ್ದರೆ ಕಪ್ಪಾಗಿ ಎದ್ದು ಕಾಣುತ್ತದೆ.