ಟಿವಿಯಲ್ಲಿ ಕ್ಲೌಡ್ ಗೇಮಿಂಗ್: ಎಷ್ಟು ಸ್ಪೀಡ್ ಬೇಕು, ಯಾವ ಕಂಟ್ರೋಲರ್?

ಕೇಳಿದವರು: ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ಕನ್ಸೋಲ್ ಕೊಳ್ಳದೆ ಟಿವಿಗೆ ಸ್ಟಿಕ್ ಹಾಕಿ ಕ್ಲೌಡ್‌ನಲ್ಲಿ ಫುಟ್‌ಬಾಲ್ ಗೇಮ್ ಆಡಬೇಕು ಅಂತಿದ್ದೇನೆ. ಲ್ಯಾಗ್ ಆಗುತ್ತಾ? ಕಂಟ್ರೋಲರ್ ಯಾವುದು ತಗೊಳ್ಳಲಿ?

ದಾವಣಗೆರೆಯಿಂದ: 100 ಸಾಲದು ಸರ್. 300ರ ಪ್ಲ್ಯಾನ್ ಹಾಕಿಸಿ, ಲ್ಯಾಗ್ ತಾನೇ ಹೋಗುತ್ತದೆ. 5 ಗಿಗಾಹರ್ಟ್ಸ್ ವೈಫೈ ಮಾತ್ರ ಬಳಸಿ.

ಬೆಂಗಳೂರಿನ ನೆಟ್‌ವರ್ಕ್ ಎಂಜಿನಿಯರ್: ವೈಫೈ ಮಾತು ಸರಿ, ಪ್ಲ್ಯಾನ್ ಮಾತು ಒಪ್ಪಲಾರೆ. 1080ಪಿ, 60 ಫ್ರೇಮ್‌ಗೆ ಜಿಫೋರ್ಸ್ ನೌ ಎಂಬ ಕ್ಲೌಡ್ ಗೇಮಿಂಗ್ ಸೇವೆ ಕೇಳುವುದೇ 25 ಎಂಬಿಪಿಎಸ್. ನೂರು ಧಾರಾಳ. ಗಂಟೆಗೆ ಸುಮಾರು 11 ಜಿಬಿ ಖರ್ಚಾಗುತ್ತದೆ, ಡೇಟಾ ಮಿತಿ ಇದ್ದರೆ ಅಷ್ಟು ನೋಡಿಕೊಳ್ಳಿ.

ನೋಡಬೇಕಾದದ್ದು ಪಿಂಗ್, ಅಂದರೆ ಡೇಟಾ ಸರ್ವರ್‌ಗೆ ಹೋಗಿ ಬರುವ ಸಮಯ, ಎಷ್ಟು ಸ್ಥಿರವಾಗಿದೆ ಅನ್ನುವುದು. ಲ್ಯಾಪ್‌ಟಾಪನ್ನು ಟಿವಿ ಪಕ್ಕದಲ್ಲೇ ಇಟ್ಟು ಅದೇ ವೈಫೈಗೆ ಸೇರಿಸಿ, ವಿಂಡೋಸ್‌ನಲ್ಲಿ ಇದನ್ನು ಓಡಿಸಿ:

```
ping -t 8.8.8.8
```

ಅದು ಓಡುತ್ತಿರುವಾಗಲೇ ಮೊಬೈಲ್‌ನಿಂದ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ. 10 ಮಿಲಿಸೆಕೆಂಡ್ ಇದ್ದದ್ದು 90ಕ್ಕೆ ಹಾರಿತು ಅಂದರೆ ರೂಟರ್‌ನಲ್ಲಿ ಸಾಲು ಕಟ್ಟುತ್ತಿದೆ. ನೀವು ಒತ್ತಿದ ಬಟನ್ ಆ ವಿಡಿಯೋದ ಹಿಂದೆ ಕಾಯುತ್ತಿರುತ್ತದೆ. ಪ್ಲ್ಯಾನ್ ದೊಡ್ಡದು ಮಾಡುವ ಮುಂಚೆ ಆಡುವಾಗ ಫೋಟೋ ಬ್ಯಾಕಪ್ ನಿಲ್ಲಿಸಿ ನೋಡಿ. ಯಾವ ಡೇಟಾ ಮೊದಲು ಹೋಗಬೇಕು ಎಂದು ನಿರ್ಧರಿಸುವ ಕ್ಯೂಒಎಸ್ ಸೆಟ್ಟಿಂಗ್ ರೂಟರ್‌ನಲ್ಲಿ ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಮ್ಮ ಲೈನಿನ ವೇಗಕ್ಕಿಂತ ಸ್ವಲ್ಪ ಕೆಳಗಿಡಿ.

ಶಿವಮೊಗ್ಗದಿಂದ: ನಾನು ಸ್ಟೀಮ್ ಲಿಂಕ್‌ನಲ್ಲಿ ಆಡುತ್ತೇನೆ, ಇಂಟರ್ನೆಟ್ಟೇ ಬೇಡ. ಸುಮ್ನೆ ದುಡ್ಡು ಯಾಕೆ?

ಎಂಜಿನಿಯರ್: ಅಲ್ಲಿ ಗೇಮ್ ಓಡುವುದು ನಿಮ್ಮ ಮನೆಯ ಪಿಸಿಯಲ್ಲಿ, ಅಲ್ವಾ? ಇವರ ಹತ್ತಿರ ಅದಿಲ್ಲ.

ಮಂಗಳೂರಿನಿಂದ: ಕಂಟ್ರೋಲರ್ ವಿಷಯ ನನ್ನ ಅನುಭವದಿಂದ ಹೇಳುತ್ತೇನೆ. ಚಿತ್ರ ನುಣ್ಣಗೆ ಓಡುತ್ತಿತ್ತು, ಆದರೆ ಪಾಸ್ ಕೊಟ್ಟರೆ ಆಗಾಗ ಹೋಗುತ್ತಲೇ ಇರಲಿಲ್ಲ. ಸ್ಟಿಕ್ ಟಿವಿಯ ಹಿಂದೆ ಗೋಡೆಗೆ ಅಂಟಿಕೊಂಡಿತ್ತು, ಅದರ ವೈಫೈ 2.4ರಲ್ಲಿತ್ತು. ಬ್ಲೂಟೂತ್ ಕೂಡ ಅದೇ 2.4ರಲ್ಲಿ ನಡೆಯುವುದು, ಎರಡೂ ಜಗಳಕ್ಕೆ ಬಿದ್ದಿದ್ದವು. ವೈಫೈಯನ್ನು 5ಕ್ಕೆ ಬದಲಿಸಿ, ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ ಸ್ಟಿಕ್ಕನ್ನು ಬದಿಗೆ ತಂದ ಮೇಲೆ ಸರಿಹೋಯಿತು. ಎಕ್ಸ್‌ಬಾಕ್ಸ್ ಅಥವಾ ಡ್ಯುಯಲ್‌ಸೆನ್ಸ್ ತಗೊಳ್ಳಿ. ಎಕ್ಸ್‌ಬಾಕ್ಸ್‌ನ ಹಳೆಯದಾದರೆ ಬ್ಲೂಟೂತ್ ಇದೆಯಾ ನೋಡಿ, ಮೊದಲ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದದ್ದರಲ್ಲಿ ಇಲ್ಲ.

ಎಂಜಿನಿಯರ್: ಒಳ್ಳೆಯ ಗುರುತು ಹೇಳಿದಿರಿ. ಚಿತ್ರ ಚೌಕ ಚೌಕವಾಗಿ ಒಡೆದರೆ ನೆಟ್‌ವರ್ಕ್. ಚಿತ್ರ ಚೆನ್ನಾಗಿದ್ದು ಬಟನ್ ತಪ್ಪಿದರೆ ಬ್ಲೂಟೂತ್. ಯಾವಾಗಲೂ ಒಂದೇ ಸಮ ತಡವಾದರೆ ಮೊದಲು ಟಿವಿಯ ಗೇಮ್ ಮೋಡ್ ನೋಡಿ. ಸಾಮಾನ್ಯ ಪಿಕ್ಚರ್ ಮೋಡ್‌ನಲ್ಲಿ ಕೆಲವು ಟಿವಿಗಳು 100 ಮಿಲಿಸೆಕೆಂಡ್‌ವರೆಗೂ ತಿನ್ನುತ್ತವೆ. ಗೇಮ್ ಮೋಡ್‌ನಲ್ಲಿ ಅದು 10–20ಕ್ಕೆ ಇಳಿಯಬಹುದು. ಸ್ಟಿಕ್ ಇರುವ ಎಚ್‌ಡಿಎಂಐ ಪೋರ್ಟಿಗೇ ಅದನ್ನು ಆನ್ ಮಾಡಬೇಕು.

ಕೇಳಿದವರು: ಗೇಮ್ ಮೋಡ್ ಆಫ್ ಇತ್ತು, ಈಗ ಹಾಕಿದೆ. ಆನ್‌ಲೈನ್ ಪಂದ್ಯ ಆಡಬಹುದಾ?

ಎಂಜಿನಿಯರ್: ಕರಿಯರ್ ಮೋಡ್‌ಗೆ ತೊಂದರೆಯಿಲ್ಲ. ಆನ್‌ಲೈನ್‌ನಲ್ಲಿ ಕನ್ಸೋಲ್ ಇರುವವರ ಎದುರು ಟ್ಯಾಕಲ್ ಸ್ವಲ್ಪ ತಡವಾಗಿಯೇ ಬೀಳುತ್ತದೆ.

ಮಂಗಳೂರಿನಿಂದ: ನನಗೇನೂ ಹಾಗೆ ಅನಿಸಿಲ್ಲ, ಅಭ್ಯಾಸವಾಗುತ್ತದೆ. ಪೆನಾಲ್ಟಿ ಮಾತ್ರ ಇನ್ನೂ ಕಷ್ಟ.